ಬಾಡಿಗೆ ಕರಾರಿಗೆ ಮೊದಲು ಆರ್ಡರ್ ಲೆಕ್ಕ

ಗುಬ್ಬಿ, ಕುಣಿಗಲ್ ಕಡೆಯ ನಮ್ಮ ಗೆಳೆಯರು ಅಂಗಡಿ ಹಾಕಬೇಕೆಂದರೆ ಮೊದಲು ತುಮಕೂರಿನಲ್ಲಿ ಮಳಿಗೆ ಹುಡುಕುತ್ತಾರೆ. ಅಡ್ವಾನ್ಸ್ ಕೊಟ್ಟು, ಬೋರ್ಡು ಹಾಕಿ, ಫೇಸ್‌ಬುಕ್ ಜಾಹೀರಾತಿಗೂ ದುಡ್ಡು ಕಟ್ಟಿದ ಮೇಲೆ ‘ತಿಂಗಳಿಗೆ ಎಷ್ಟು ಆರ್ಡರ್ ಬಂದರೆ ಬಚಾವು?’ ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆ ಮೊದಲು ಬರಬೇಕು ಎನ್ನುವುದು ನಮ್ಮ ವಾದ.

ನಮ್ಮ ಸೀಮೆಯಲ್ಲಿ ತೆಂಗಿಗೆ ಬರವಿಲ್ಲ. ಗಾಣದ ಕೊಬ್ಬರಿ ಎಣ್ಣೆ ಮಾರುತ್ತೇವೆ ಎಂದುಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕಕ್ಕಾಗಿ ಹಿಡಿದವು. ನಿಮ್ಮ ಊರಿನ ದರ ಹಾಕಿಕೊಳ್ಳಿ. ಲೀಟರಿಗೆ 500 ರೂಪಾಯಿ. ಅದರಲ್ಲಿ ಎಣ್ಣೆಗೆ 360, ಬಾಟಲಿ ಮತ್ತು ಡಬ್ಬಕ್ಕೆ 30, ಕೊರಿಯರ್‌ಗೆ 50, ಹಣ ಪಾವತಿಯ ಶುಲ್ಕ 10. ಒಂದು ಆರ್ಡರಿನಿಂದ ಕೈಯಲ್ಲಿ ಉಳಿಯುವುದು 50 ರೂಪಾಯಿ.

ಆರ್ಡರ್ ಬರಲಿ, ಬಿಡಲಿ, ತಿಂಗಳಾದರೆ ಬಾಡಿಗೆ 6,000, ಕರೆಂಟು ಮತ್ತು ಇಂಟರ್ನೆಟ್‌ಗೆ 1,000, ಜಾಹೀರಾತಿಗೆ 4,000. ತಕ್ಕಡಿ, ಸೀಲಿಂಗ್ ಮಷಿನ್ನಿಗೆ ಹಾಕಿದ 24,000 ರೂಪಾಯಿಯನ್ನು ಎರಡು ವರ್ಷಕ್ಕೆ ಹಂಚಿದರೆ ಇನ್ನೊಂದು ಸಾವಿರ. ಒಟ್ಟು 12,000. ಅದನ್ನು 50ರಿಂದ ಭಾಗಿಸಿದರೆ 240 ಆರ್ಡರ್. ಅಂದರೆ ದಿನಕ್ಕೆ ಎಂಟು, ಭಾನುವಾರವೂ ಸೇರಿ. ಇದರಲ್ಲಿ ನಮ್ಮ ಸಂಬಳ ಒಂದು ಪೈಸೆಯೂ ಇಲ್ಲ. 10,000 ರೂಪಾಯಿ ಮನೆಗೆ ಒಯ್ಯಬೇಕೆಂದರೆ 440 ಆರ್ಡರ್ ಬೇಕು.

ಮಾಲು ತಲುಪಿದ ಮೇಲೆ ಹಣ ಪಡೆಯುವ ವ್ಯಾಪಾರದಲ್ಲಿ ಕೆಲವು ಪಾರ್ಸೆಲ್ ವಾಪಸ್ ಬರುತ್ತವೆ. ನೂರಕ್ಕೆ ಹತ್ತು ಬಂದವು ಎನ್ನಿ. ತೊಂಬತ್ತರಿಂದ 4,500 ಸಿಕ್ಕರೆ, ವಾಪಸಾದ ಹತ್ತಕ್ಕೆ ಹೋಗಿಬರುವ ಕೊರಿಯರ್ ಖರ್ಚೇ 1,000. ಆರ್ಡರಿಗೆ ಉಳಿದದ್ದು 35 ರೂಪಾಯಿ. ಆಗ ಸಂಬಳವಿಲ್ಲದೆಯೇ 343 ಆರ್ಡರ್ ಬೇಕು.

ಜಾಹೀರಾತು ಹೆಚ್ಚಿಸಿದರೆ ಸರಿಹೋಗುತ್ತದೆ ಎನ್ನುವವರಿದ್ದಾರೆ. ಆ 4,000ಕ್ಕೆ 50 ಆರ್ಡರ್ ಬಂದರೆ ಒಂದೊಂದಕ್ಕೂ 80 ರೂಪಾಯಿ ಬಿತ್ತು, ಉಳಿಯುವುದು 50. ಅದೇ ಮನೆಯವರು ಜಾಹೀರಾತಿಲ್ಲದೆ ಮತ್ತೆ ಕೊಳ್ಳದಿದ್ದರೆ ಆರ್ಡರ್ ಹೆಚ್ಚಿದಷ್ಟೂ ನಷ್ಟ ಹೆಚ್ಚು. ‘ಯಾರು ಹೇಳಿ ಬಂದಿರಿ?’ ಎಂದು ಪ್ರತಿ ಗಿರಾಕಿಯನ್ನೂ ಕೇಳಿ ಬರೆದಿಟ್ಟರೆ ಇದು ಒಂದೇ ತಿಂಗಳಲ್ಲಿ ಗೊತ್ತಾಗುತ್ತದೆ.

ಆರ್ಡರಿನ ಗಾತ್ರ ಹೆಚ್ಚಿಸುವುದು ಇದಕ್ಕಿಂತ ಮೇಲು. ಎರಡು ಲೀಟರ್ ಒಟ್ಟಿಗೆ ಹೋದರೆ 1,000 ರೂಪಾಯಿ. ಎಣ್ಣೆಗೆ 720, ಬಾಟಲಿ ಡಬ್ಬಕ್ಕೆ 50, ಕೊರಿಯರ್‌ಗೆ 70, ಶುಲ್ಕ 20 ಕಳೆದರೆ ಉಳಿಯುವುದು 140. ಆಗ 86 ಆರ್ಡರಿಗೇ 12,000 ಹುಟ್ಟುತ್ತದೆ.

ಅದಕ್ಕೇ ನಾವು ಹೇಳುವುದು: ಮೂರು ತಿಂಗಳು ಗುಬ್ಬಿಯ ಮನೆಯಿಂದಲೇ ವಾಟ್ಸಾಪ್‌ನಲ್ಲಿ ಮಾರಿ. ಬಾಡಿಗೆ, ಜಾಹೀರಾತು ಇಲ್ಲದಿದ್ದರೆ ತಿಂಗಳ ಖರ್ಚು 2,000. ಒಂದೊಂದು ಲೀಟರಿನ 40 ಆರ್ಡರ್ ಸಾಕು. ಅಷ್ಟೂ ಬರದಿದ್ದರೆ ತುಮಕೂರಿನ ಮಳಿಗೆಯ ಕರಾರಿಗೆ ಸಹಿ ಹಾಕಬೇಡಿ.