‘ಗೋಲ್’ ಅಂದರೆ ಯಾವ ದುಂಡು?

ನಕ್ಷೆಯ ಫೈಲು ಅಳಿಸಿಹೋದರೆ ಬಾಯಲ್ಲೇ ಹೇಳಿದರಾಯಿತು ಅನ್ನುವವರಿದ್ದಾರೆ. ಹೇಳಬಹುದು, ಆದರೆ ನಾವು ಮಾತಾಡುವ ರೀತಿಯಲ್ಲಲ್ಲ ಎಂಬುದು ನನ್ನ ವಾದ.

ಒಂದು ಬುತ್ತಿ ಡಬ್ಬಿಯನ್ನೇ ತೆಗೆದುಕೊಳ್ಳಿ. ಡಿಸೈನರ್ ನೋಯಿಡಾದಲ್ಲಿ, ಸ್ಟೀಲು ಒತ್ತುವವರು ದೆಹಲಿಯ ವಜೀರ್‌ಪುರದಲ್ಲಿ. ಫೋನಿನಲ್ಲಿ ‘ದುಂಡಗಿದೆ’ ಎಂದಿರಿ. ತಟ್ಟೆಯೂ ದುಂಡು, ಕೊಳವೆಯೂ ದುಂಡು, ಲಾಡೂ ದುಂಡು. ಹಿಂದಿಯ ‘ಗೋಲ್’ ಕೂಡ ಇದೇ ಜಾತಿ, ಚಕ್ರಕ್ಕೂ ಚೆಂಡಿಗೂ ಅದೊಂದೇ ಪದ. ‘ಮೇಲಿಂದ ನೋಡಿದರೆ ವೃತ್ತ, ಪಕ್ಕದಿಂದ ನೋಡಿದರೆ ಆಯತ’ ಅಂದರೆ ಮಾತ್ರ ಅತ್ತಲಿನ ಪೆನ್ಸಿಲ್ಲು ಸರಿಯಾಗಿ ಓಡುತ್ತದೆ. ನಮ್ಮ ಸಾಹಿತ್ಯಾಭ್ಯಾಸದ ಉಪಮೆಗಳಿಗೆ ಆಮೇಲೆ ಜಾಗ ಇದೆ, ಬಿಡಿ.

ನಂತರ ಅಳತೆ. ಅಡ್ಡಳತೆ 120 ಮಿಲಿಮೀಟರ್, ಎತ್ತರ 65, ತಗಡು 0.6. ಇಷ್ಟಕ್ಕೇ ಫೋನ್ ಇಟ್ಟರೆ ಕೆಟ್ಟಿತು! 120 ಒಳಗಿನದೋ ಹೊರಗಿನದೋ? ಒಳಗಿನದಾದರೆ ಎರಡು ಕಡೆಯ ತಗಡು ಸೇರಿ ಹೊರ ಅಳತೆ 121.2 ಆಗುತ್ತದೆ. 120ರ ಮೇಲೆ ಕೂರಬೇಕೆಂದು ಮಾಡಿದ ಮುಚ್ಚಳ ಅದರ ಮೇಲೆ ಕೂರುವುದೇ ಇಲ್ಲ. ತಳದ ಮೂಲೆಯನ್ನೂ ಹೇಳಬೇಕು: 6 ಮಿಲಿಮೀಟರ್ ತ್ರಿಜ್ಯದಲ್ಲಿ ಬಾಗಿರಲಿ. ಮೂಲೆ ತೀರಾ ಚೂಪಾದರೆ ಒತ್ತುವಾಗ ತಗಡು ಅಲ್ಲೇ ಹರಿಯುತ್ತದೆ. ಹರಿಯದಿದ್ದರೂ ಅನ್ನದ ಅಗುಳು ಅಲ್ಲೇ ಅಂಟಿಕೊಂಡು ತೊಳೆಯುವವರ ಪ್ರಾಣ ತಿನ್ನುತ್ತದೆ.

ಕೇಳಿಸಿಕೊಂಡವರು ಸರಿಯಾಗಿ ಬರೆದರೋ ಇಲ್ಲವೋ ತಿಳಿಯುವುದು ಹೇಗೆ? ಅಳತೆಗಳನ್ನು ಅವರಿಂದ ತಿರುಗಿ ಓದಿಸುವುದು ಸಾಲದು. ‘ಇದರಲ್ಲಿ ಎಷ್ಟು ನೀರು ಹಿಡಿಯುತ್ತೆ?’ ಅಂತ ಕೇಳಿ. ಮುಕ್ಕಾಲು ಲೀಟರಿಗೆ ತುಸು ಕಮ್ಮಿ ಎಂದರೆ ಸರಿ. ಮೂರು ಲೀಟರಿನ ಹತ್ತಿರ ಎಂದರೆ 120ನ್ನು ತ್ರಿಜ್ಯವೆಂದು ಬರೆದುಕೊಂಡಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತದೆ.

‘ಸ್ಟೀಲು’ ಅನ್ನುವುದೂ ಅರ್ಧ ಮಾತೇ. 304 ಎಂದು ಸಂಖ್ಯೆ ಹೇಳಬೇಕು. ಹೇಳದಿದ್ದರೆ ನಿಕ್ಕಲ್ ಕಡಿಮೆಯಿರುವ ಅಗ್ಗದ 202 ಬಂದುಬಿಡಬಹುದು. ದಿನಾ ಉಪ್ಪು ಹುಳಿ ತಾಗಿದರೆ ಅದು 304ಕ್ಕಿಂತ ಬೇಗ ಕಲೆಗಟ್ಟುತ್ತದೆ. ನಮ್ಮ ಪುಳಿಯೋಗರೆಗೆ ಅದು ಹೇಳಿಸಿದ ಲೋಹವಲ್ಲ. ಅಯಸ್ಕಾಂತ ಹಿಡಿದು ನೋಡುತ್ತೇವೆ ಅನ್ನುವ ಜಾಣರೂ ಇದ್ದಾರೆ. ಎರಡಕ್ಕೂ ಅದು ಸಾಮಾನ್ಯವಾಗಿ ಅಂಟುವುದಿಲ್ಲವಾದ್ದರಿಂದ ಆ ಪರೀಕ್ಷೆಯಿಂದ ಇವೆರಡನ್ನು ಬೇರೆ ಮಾಡಲಾಗದು.

ಇನ್ನು ಚೊಂಬಿನಂಥ ಆಕಾರ ಬಂದರೆ? 1958ರ ತಮ್ಮ ಭಾರತ ವರದಿಯಲ್ಲಿ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಅತಿಯಾಗಿ ಮೆಚ್ಚಿದ ವಸ್ತು ಅದೇ, ನಮ್ಮ ಲೋಟಾ. ಅದರ ಹೊಟ್ಟೆಯ ಬಾಗು ಯಾವ ಒಂದು ಪದಕ್ಕೂ ಸಿಕ್ಕುವುದಿಲ್ಲ. ಆಗ ತಳದಿಂದ ಒಂದೊಂದು ಸೆಂಟಿಮೀಟರ್ ಮೇಲೇರುತ್ತ ಅಲ್ಲಲ್ಲಿಯ ಅಡ್ಡಳತೆ ಹೇಳುತ್ತ ಹೋಗಬೇಕು. ಅತ್ತಲಿನವರು ಆ ಚುಕ್ಕಿಗಳನ್ನು ಕೂಡಿಸಿ ಗೆರೆ ಎಳೆಯುತ್ತಾರೆ. ಕುತ್ತಿಗೆಯ ಹತ್ತಿರ ಬಾಗು ಬೇಗ ತಿರುಗುವುದರಿಂದ ಅಲ್ಲಿ ಅರ್ಧರ್ಧ ಸೆಂಟಿಮೀಟರಿಗೆ ಒಂದು ಅಳತೆ ಬೇಕಾದೀತು.