ಅಂಗಾಲಿಗೆ ಬಿದ್ದ ಬಾಣ

ಮೈತುಂಬ ಕೆಸರು ಮೆತ್ತಿಕೊಂಡು ಮನೆಗೆ ಬಂದ ಹುಡುಗನನ್ನು ನಮ್ಮಲ್ಲಿ ಗದರುವುದೇ ಹೀಗೆ: "ಏನೋ ಇದು ನಿನ್ನ ಅವತಾರ!" ಇಲ್ಲಿ ಅವತಾರ ಅಂದರೆ ವೇಷ, ತೊಳೆದರೆ ಹೋಗುವಂಥದ್ದು. ಸಂಸ್ಕೃತದಲ್ಲಿ ಅದರ ಅರ್ಥ ಕೆಳಗಿಳಿದು ಬರುವುದು. ಬೈಬಲನ್ನು ಕನ್ನಡಕ್ಕೆ ತಂದವರು ಯೋಹಾನನ ಸುವಾರ್ತೆಯ ಮೊದಲ ಅಧ್ಯಾಯಕ್ಕೆ ಬಂದಾಗ ಇದೇ ಪದವನ್ನು ಹಿಡಿದು 'ನರಾವತಾರ' ಅಂದರು. ಆದರೆ ಅಲ್ಲಿನ ಗ್ರೀಕ್ ಪದ 'ಸಾರ್ಕ್ಸ್', ಅಂದರೆ ಮಾಂಸ. ಇಳಿದು ಬರುವುದು ಒಂದು, ಮಾಂಸವೇ ಆಗುವುದು ಇನ್ನೊಂದು.

ಕ್ರೈಸ್ತರಲ್ಲಿ ದೇವರು ಒಂದೇ ಸಲ ಬಂದ, ನಮ್ಮಲ್ಲಿ ಹತ್ತು ಸಲ ಬಂದ ಎಂದು ಲೆಕ್ಕದ ಮೇಲೆ ವ್ಯತ್ಯಾಸ ಹೇಳುವುದು ವಾಡಿಕೆ. ನನಗೆ ಆ ಲೆಕ್ಕ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ. ಬಂದವನ ಮೈಗೆ ಗಾಯ ಆಗುತ್ತದೆಯೆ, ಕೊನೆಗೆ ಆ ಮೈ ಏನಾಗುತ್ತದೆ ಎಂದು ಕೇಳಿದಾಗಲೇ ಎರಡು ದಾರಿಗಳು ನಿಜವಾಗಿ ಕವಲೊಡೆಯುವುದು.

ಮಹಾಭಾರತದ ಮೌಸಲಪರ್ವ ಇದಕ್ಕೆ ನೇರವಾಗಿ ಉತ್ತರಿಸುತ್ತದೆ. ಯಾದವರು ಹೊಡೆದಾಡಿ ಸತ್ತ ಮೇಲೆ ಕೃಷ್ಣ ಕಾಡಿನಲ್ಲಿ ಯೋಗಸ್ಥನಾಗಿ ಮಲಗಿದ್ದಾನೆ. ಜರನೆಂಬ ಬೇಡ ಜಿಂಕೆಯೆಂದು ಬಗೆದು ಬಿಟ್ಟ ಬಾಣ ಅಂಗಾಲಿಗೆ ನಾಟುತ್ತದೆ. ಬೇಟೆ ಎತ್ತಿಕೊಳ್ಳಲು ಬಂದವನು ಹಳದಿ ಬಟ್ಟೆಯುಟ್ಟ ಯೋಗಿಯನ್ನು ಕಂಡು ಕಾಲಿಗೆ ಬೀಳುತ್ತಾನೆ. ಕೃಷ್ಣ ಅವನನ್ನು ಸಮಾಧಾನಪಡಿಸಿ ಮೇಲಕ್ಕೆ ಹೋಗುತ್ತಾನೆ. ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಅರ್ಜುನ ಬಂದು ಬಲರಾಮ, ಕೃಷ್ಣ ಇಬ್ಬರ ಶರೀರಗಳನ್ನೂ ಹುಡುಕಿಸಿ ದಹನ ಮಾಡಿಸುತ್ತಾನೆ. ಅಂದರೆ ಸುಡಲು ಒಂದು ಶರೀರ ಇತ್ತು.

ಭಾಗವತದ ಹನ್ನೊಂದನೆಯ ಸ್ಕಂಧಕ್ಕೆ ಬಂದರೆ ಇದೇ ಸಂಗತಿಗೆ ಬೇರೆ ಬಣ್ಣ. ಕೃಷ್ಣ ಅಗ್ನಿಯೋಗದ ಧಾರಣೆಯಿಂದ ತನ್ನ ಧಾಮವನ್ನು ಸೇರಿದ ಎನ್ನುವಲ್ಲಿ ಒಂದು ಸಂಧಿ ಬರುತ್ತದೆ: 'ಆಗ್ನೇಯ್ಯಾದಗ್ಧ್ವಾ'. ಇದನ್ನು 'ಆಗ್ನೇಯ್ಯಾ ದಗ್ಧ್ವಾ' ಎಂದು ಬಿಡಿಸಿದರೆ ದೇಹವನ್ನು ಸುಟ್ಟು ಹೋದ. 'ಆಗ್ನೇಯ್ಯಾ ಅದಗ್ಧ್ವಾ' ಎಂದರೆ ಸುಡದೆ ಹೋದ. ವ್ಯಾಕರಣಕ್ಕೆ ಎರಡೂ ಸಲ್ಲುತ್ತವೆ. ವ್ಯಾಖ್ಯಾನಕಾರ ಶ್ರೀಧರಸ್ವಾಮಿ ಎರಡನೆಯದನ್ನು ಹಿಡಿದರು: ಯೋಗಿಗಳು ದೇಹವನ್ನು ಸುಟ್ಟು ಹೋಗುತ್ತಾರೆ, ಭಗವಂತ ಹಾಗಲ್ಲ. ಸಂಧಿಯಲ್ಲಿ ಕರಗಿಹೋದ ಒಂದು 'ಅ'ಕಾರದ ಮೇಲೆ ದೇವರ ಮೈ ನಿಂತಿದೆ.

ಆಚಾರ್ಯರೂ ಇತ್ತಲೇ ವಾಲುತ್ತಾರೆ. ಗೀತೆಯ ನಾಲ್ಕನೆಯ ಅಧ್ಯಾಯದ ಭಾಷ್ಯದಲ್ಲಿ ಶಂಕರರು 'ಇವ' ಎಂಬ ಪುಟ್ಟ ಪದವನ್ನು ಸೇರಿಸುತ್ತಾರೆ: ದೇಹವುಳ್ಳವನಂತೆ, ಹುಟ್ಟಿದವನಂತೆ. ರಾಮಾನುಜರಿಗೆ ಈ 'ಅಂತೆ' ಒಪ್ಪಿಗೆಯಿಲ್ಲ, ಅವತಾರ ಸತ್ಯವೇ. ಆದರೆ ಕರ್ಮದಿಂದ ಬಂದ ದೇಹ ಅದಲ್ಲ, ತನ್ನ ಇಚ್ಛೆಯಿಂದ ತಾಳಿದ್ದು. ಉಡುಪಿಯ ಮಧ್ವರದು ಇನ್ನೂ ಖಂಡಿತ. ಅವತಾರದ ಮೈ ಪ್ರಕೃತಿಯಿಂದಾದದ್ದೇ ಅಲ್ಲ, ಮೂಲರೂಪಕ್ಕೂ ಅವತಾರರೂಪಕ್ಕೂ ಎಳ್ಳಷ್ಟೂ ಭೇದವಿಲ್ಲ. ಬೇರೆ ವಿಷಯಗಳಲ್ಲಿ ಜಗಳವಾಡುವ ಮೂವರೂ ಆ ಮೈ ನಮ್ಮ ಮೈಯಂಥದ್ದಲ್ಲ ಎಂಬಲ್ಲಿ ಮಾತ್ರ ಒಂದಾಗುತ್ತಾರೆ.

ಕ್ರೈಸ್ತರಲ್ಲಿ ಇದೇ ಮಾತು ಪಾಷಂಡವಾಯಿತು. ಯೇಸು ದೇಹವುಳ್ಳವನಂತೆ ತೋರಿದ, ನೋವುಂಡಂತೆ ತೋರಿದ ಎಂದವರು ಮೊದಲ ಶತಮಾನಗಳಲ್ಲೇ ಇದ್ದರು. ಎರಡನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಇಗ್ನೇಷಿಯಸ್ ತನ್ನ ಪತ್ರಗಳಲ್ಲಿ ಅವರ ಮೇಲೆ ಹರಿಹಾಯುತ್ತಾನೆ. 451ರಲ್ಲಿ ಕ್ಯಾಲ್ಸಿಡನ್‌ನಲ್ಲಿ ಸೇರಿದ ಬಿಷಪ್ಪರ ಸಭೆ ತೀರ್ಮಾನ ಬರೆದಿಟ್ಟಿತು: ಕ್ರಿಸ್ತ ಪೂರ್ಣ ದೇವರು, ಪೂರ್ಣ ಮನುಷ್ಯ, ಪಾಪವೊಂದನ್ನು ಬಿಟ್ಟು ಉಳಿದೆಲ್ಲದರಲ್ಲೂ ನಮ್ಮಂಥವನೇ. ಸತ್ತು ಎದ್ದ ಮೇಲೂ ಆ ಮೈ ಗಾಯವನ್ನು ಬಿಡುವುದಿಲ್ಲ. ನಂಬದ ತೋಮನಿಗೆ ಯೇಸು ತೋರಿಸುವುದು ಕೈಯನ್ನು, ಈಟಿ ತಿವಿದ ಪಕ್ಕೆಯನ್ನು.

ಯಾಕೆ ಇಷ್ಟು ಹಟ? ಅವರ ಕಥೆಯಲ್ಲಿ ಪರಿಹಾರವಾಗಬೇಕಾದದ್ದು ಮನುಷ್ಯನ ಪಾಪ, ಮನುಷ್ಯನ ಸಾವು. ನಮ್ಮಿಂದ ಏನನ್ನು ಅವನು ತಾಳಲಿಲ್ಲವೋ ಅದು ವಾಸಿಯಾಗದೆ ಉಳಿಯಿತು ಎಂಬುದು ನಾಲ್ಕನೆಯ ಶತಮಾನದ ನಾಜಿಯಾನ್ಸಸ್‌ನ ಗ್ರೆಗರಿಯ ವಾದ. ವೇಷದ ಸಾವಿನಿಂದ ಅಸಲಿ ಸಾವು ತೀರದು. ನಮ್ಮ ಕಥೆಯಲ್ಲಿ ದೇವರು ಬರುವುದು ಭೂಭಾರ ಇಳಿಸಲು, ಧರ್ಮವನ್ನು ನಿಲ್ಲಿಸಲು. ಅದಕ್ಕೆ ಹಂದಿಯ ಕೋರೆ ಸಾಕು, ಸಿಂಹದ ಉಗುರು ಸಾಕು. ದೇವರು ನಮ್ಮ ಹಾಗೆ ಸಾಯಲೇಬೇಕೆಂಬ ಕಟ್ಟು ಇಲ್ಲ. ಹೀಗಿರುವಾಗ ಒಂದರ ಅಳತೆಗೋಲಿನಿಂದ ಇನ್ನೊಂದನ್ನು ಅಳೆದು, ಇವರದು ಬರೀ ಮಾಯೆ, ಅವರದು ದೇವರಿಗೆ ಅವಮಾನ ಎನ್ನುವ ಜಗಳಕ್ಕೆ ಅರ್ಥವಿಲ್ಲ. ಕೇಳಿದ ಪ್ರಶ್ನೆಯೇ ಬೇರೆ.

ಆದರೂ ವ್ಯಾಖ್ಯಾನಕಾರರು ಎಷ್ಟು ಒರೆಸಿದರೂ ಕಥೆಯಿಂದ ಆ ಬಾಣ ಹೋಗಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಗುಜರಾತಿನ ಸೋಮನಾಥದ ಹತ್ತಿರ ಭಾಲ್ಕಾ ತೀರ್ಥದ ಗುಡಿಯಲ್ಲಿ ಒರಗಿ ಕೂತ ಕೃಷ್ಣನಿದ್ದಾನೆ, ಎದುರಿಗೆ ಕೈಮುಗಿದ ಬೇಡನಿದ್ದಾನೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಹಿರಣ್ ನದಿಯ ದಡದಲ್ಲಿ, ಅವನು ಕೊನೆಯುಸಿರೆಳೆದ ಜಾಗವೆಂದು ಜನ ನಂಬುವ ಸ್ಥಳವಿದೆ. ಅದಕ್ಕೆ ಅವರು ಇಟ್ಟ ಹೆಸರು ದೇಹೋತ್ಸರ್ಗ, ದೇಹ ಬಿಟ್ಟ ಜಾಗ.