ನಿಯೋಜಿತ ಪ್ರಬಂಧದ ಸೂಚನಾಪತ್ರ: ಸ್ವಂತಿಕೆ, ಆಕರ, ಸ್ವರೂಪ

ಮನೆಯಲ್ಲಿ ಬರೆದು ತರಲೆಂದು ವಿದ್ಯಾರ್ಥಿಗಳಿಗೆ ಕೊಡುವ ನಿಯೋಜಿತ ಪ್ರಬಂಧದ ಜೊತೆಯಲ್ಲಿ ಒಂದು ಪುಟದ ಸೂಚನಾಪತ್ರವಿರುತ್ತದೆ. ಬರಹ ಸ್ವಂತದ್ದಾಗಿರಬೇಕು, ಇಂತಿಂಥ ಆಕರಗಳನ್ನು ಬಳಸಬಹುದು, ಇಂಥ ರೂಪದಲ್ಲಿ ಇಂಥ ದಿನದೊಳಗೆ ಒಪ್ಪಿಸಬೇಕು ಎಂಬ ಮೂರು ಮಾತುಗಳು ಅದರ ಸಾರ. ಇದನ್ನು ಕಚೇರಿಯ ಕಾಗದವೆಂದು ಲಘುವಾಗಿ ಕಾಣುವುದು ಸರಿಯಲ್ಲ. ಕೃತಿಚೌರ್ಯವನ್ನು ತಡೆಯಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯು ಸಂಶೋಧನ ಲೇಖನ, ಮಹಾಪ್ರಬಂಧ, ಪುಸ್ತಕ ಮೊದಲಾದವುಗಳಿಗೆ ಅನ್ವಯಿಸುತ್ತದೆ. ನಿಯೋಜಿತ ಬರಹ, ತರಗತಿಯ ಪ್ರಬಂಧ, ಉತ್ತರಪತ್ರಿಕೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಸ್ಪಷ್ಟವಾಗಿ ಹೊರಗಿಟ್ಟಿದೆ. ಆದುದರಿಂದ ಅಧ್ಯಾಪಕರು ಬರೆದುಕೊಡುವ ಆ ಒಂದು ಪುಟವೇ ಇಲ್ಲಿ ವಿದ್ಯಾರ್ಥಿಗೆ ಹತ್ತಿರದ ಕಾನೂನು. ಅದು ಅಸ್ಪಷ್ಟವಾಗಿದ್ದರೆ ತಪ್ಪು ಯಾವುದೆಂದು ತಿಳಿಯದ ವಿದ್ಯಾರ್ಥಿಯೇ ತಪ್ಪಿತಸ್ಥನೆನಿಸಿಕೊಳ್ಳುತ್ತಾನೆ.

ಹೀಗಿದ್ದರೂ ಮಹಾಪ್ರಬಂಧಗಳಿಗಾಗಿ ರೂಪಿಸಿದ ಸೂತ್ರಗಳನ್ನೇ ಸೂಚನಾಪತ್ರಕ್ಕೆ ಇಳಿಸಿಕೊಳ್ಳುವ ಮೋಹ ಸಹಜ. ಅಂಥದೊಂದು ಸೂತ್ರ ಹದಿನಾಲ್ಕು ಪದಗಳದ್ದು. ಸರ್ವವಿದಿತವಾದ ಅಥವಾ ಆಕಸ್ಮಿಕವಾಗಿ ಹೊಂದಿಕೆಯಾಗುವ, ಒಂದರ ಹಿಂದೊಂದು ಬರುವ ಹದಿನಾಲ್ಕು ಪದಗಳವರೆಗಿನ ಸಾಮ್ಯವನ್ನು ಆಯೋಗದ ನಿಯಮವು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಈ ಅಳತೆಗೆ ಅರ್ಥವುಂಟು. ಅಲ್ಲಿ ಹದಿನಾಲ್ಕು ಪದಗಳೆಂದರೆ ಅನೇಕ ವೇಳೆ ಒಂದು ವಾಕ್ಯವೂ ಪೂರ್ಣವಾಗಿರುವುದಿಲ್ಲ. ಕನ್ನಡದಲ್ಲಿ ವಿಭಕ್ತಿ, ಕಾಲ, ಲಿಂಗ, ವಚನಗಳೆಲ್ಲ ಪದದೊಳಗೇ ಸೇರಿಕೊಳ್ಳುತ್ತವೆ. "ಪಂಪನ ತಮ್ಮನು ಆ ಶಾಸನವನ್ನು ಬಂಡೆಯ ಮೇಲೆ ಕೆತ್ತಿಸಿದನು" ಎಂಬ ಪೂರ್ಣ ವಾಕ್ಯದಲ್ಲಿರುವುದು ಏಳೇ ಪದಗಳು. ಹದಿನಾಲ್ಕು ಪದಗಳ ವಿನಾಯಿತಿಯೆಂದರೆ ಇಂಥ ಎರಡು ವಾಕ್ಯಗಳನ್ನು ಇದ್ದಂತೆಯೇ ಎತ್ತಿಕೊಳ್ಳಲು ಅನುಮತಿಯಿತ್ತಂತೆ. ಕನ್ನಡದ ಸೂಚನಾಪತ್ರದಲ್ಲಿ ಪದಗಳ ಎಣಿಕೆಗೆ ಬದಲಾಗಿ, 'ಬೇರೊಬ್ಬರ ಒಂದು ಪೂರ್ಣ ವಾಕ್ಯವನ್ನು ತೆಗೆದುಕೊಂಡರೂ ಉದ್ಧರಣ ಚಿಹ್ನೆ ಮತ್ತು ಪುಟಸಂಖ್ಯೆ ಇರಬೇಕು' ಎಂದು ಬರೆಯುವುದು ಹೆಚ್ಚು ನ್ಯಾಯವಾದುದು.

ಹೈದರಾಬಾದಿನ ಕನ್ನಡ ವಿದ್ಯಾರ್ಥಿಯ ಮಟ್ಟಿಗೆ ಈ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಉದಾಹರಣೆಗೆ, ಕುರ್ಕ್ಯಾಲ ಶಾಸನವನ್ನು ಕುರಿತು ನಾಲ್ಕು ಪುಟಗಳ ಪ್ರಬಂಧವನ್ನು ಬರೆಯಲು ಹೇಳಿದೆಯೆಂದು ಭಾವಿಸೋಣ. ತೆಲಂಗಾಣದ ಕರೀಂನಗರ ಜಿಲ್ಲೆಯ ಬೊಮ್ಮಲಗುಟ್ಟದ ಬಂಡೆಯ ಮೇಲಿರುವ ಹತ್ತನೆಯ ಶತಮಾನದ ಈ ಶಾಸನವು ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳಲ್ಲಿದೆ. ಅದನ್ನು ಹಾಕಿಸಿದ ಜಿನವಲ್ಲಭನು ಆದಿಕವಿ ಪಂಪನ ತಮ್ಮ. ಶಾಸನದಲ್ಲಿರುವ ಕಂದಪದ್ಯಗಳು ತೆಲುಗು ಛಂದಸ್ಸಿನ ಚರಿತ್ರೆಗೂ ಮುಖ್ಯವಾದುದರಿಂದ ಇದರ ಮೇಲೆ ತೆಲುಗಿನಲ್ಲಿಯೂ ಬರವಣಿಗೆ ನಡೆದಿದೆ. ಹೈದರಾಬಾದಿನ ವಿದ್ಯಾರ್ಥಿಗೆ ಆ ಬರಹಗಳು ಕೈಗೆಟಕುವಂತಿರುತ್ತವೆ, ಓದಲೂ ಬರುತ್ತವೆ.

ಇಲ್ಲಿ ಮೊದಲು ತಿಳಿಸಬೇಕಾದುದು ಯಾವ ಮಾತಿಗೆ ಆಧಾರ ಕೊಡಬೇಕು, ಯಾವುದಕ್ಕೆ ಬೇಡ ಎಂಬುದು. ಪಂಪನು ಹತ್ತನೆಯ ಶತಮಾನದ ಕವಿ, ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದವನು ಎಂಬುದು ಸಾಹಿತ್ಯಚರಿತ್ರೆಯ ಎಲ್ಲ ಓದುಗರಿಗೂ ತಿಳಿದ ಸಂಗತಿ. ಅದಕ್ಕೆ ಅಡಿಟಿಪ್ಪಣಿ ಬೇಡ. ಜಿನವಲ್ಲಭನು ಪಂಪನ ತಮ್ಮನೆಂಬುದಕ್ಕೆ ಶಾಸನವೇ ಆಧಾರವಾದುದರಿಂದ ಶಾಸನಪಾಠವನ್ನು ಉಲ್ಲೇಖಿಸಬೇಕು. ಮೂರು ಭಾಷೆಗಳನ್ನು ಏಕೆ ಬಳಸಲಾಯಿತೆಂಬುದಕ್ಕೆ ಒಬ್ಬ ವಿದ್ವಾಂಸರು ಕೊಟ್ಟ ಕಾರಣವನ್ನು ಒಪ್ಪಿ ಬರೆದರೆ, ಮಾತುಗಳೆಲ್ಲ ವಿದ್ಯಾರ್ಥಿಯವೇ ಆಗಿದ್ದರೂ, ಆ ವಿದ್ವಾಂಸರ ಹೆಸರಿರಬೇಕು. ಸಂಗತಿ, ಸಾಕ್ಷ್ಯ, ಅಭಿಪ್ರಾಯ ಎಂಬ ಈ ಮೂರು ಹಂತಗಳನ್ನು ನಿದರ್ಶನದೊಡನೆ ತೋರಿಸಿಕೊಟ್ಟರೆ, 'ಕೃತಿಚೌರ್ಯ ಮಾಡಬಾರದು' ಎಂಬ ಬರಿಯ ನಿಷೇಧಕ್ಕಿಂತ ಅದು ಉಪಯುಕ್ತ.

ಎರಡನೆಯದು ಅನುವಾದದ ಪ್ರಶ್ನೆ. ತೆಲುಗು ಲೇಖನವೊಂದರ ಎರಡು ಪುಟಗಳನ್ನು ಕನ್ನಡಕ್ಕೆ ತಿರುಗಿಸಿ ಸೇರಿಸಿದರೆ, ಪದಗಳ ಸಾಮ್ಯವನ್ನಷ್ಟೇ ನೋಡುವ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ. ವಿದ್ಯಾರ್ಥಿಯೂ ಅದನ್ನು ತನ್ನ ಶ್ರಮವೆಂದೇ ಪ್ರಾಮಾಣಿಕವಾಗಿ ನಂಬಿರಬಹುದು. ಅನುವಾದದಲ್ಲಿ ಶ್ರಮವಿರುವುದೂ ನಿಜ. ಉರ್ದು ಮಾಧ್ಯಮದೊಡನೆ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಬೆನ್ನೆಲುಬಾಗಿ ನಿಂತದ್ದು 'ದಾರುಲ್ ತರ್ಜುಮಾ' ಎಂಬ ಭಾಷಾಂತರ ಸಂಸ್ಥೆ. ಅನುವಾದವನ್ನು ಇಷ್ಟು ಗೌರವಿಸಿದ ನಗರದಲ್ಲಿ ಅದನ್ನು ಕಳ್ಳತನದ ಸಾಲಿನಲ್ಲಿ ಸೇರಿಸುವುದು ವಿಚಿತ್ರವೆನಿಸೀತು. ಆದರೆ ಆ ಸಂಸ್ಥೆಯು ತನ್ನ ಕೆಲಸವನ್ನು ಭಾಷಾಂತರವೆಂದೇ ಕರೆದುಕೊಂಡಿತು. ಸೂಚನಾಪತ್ರವು ಕೇಳಬೇಕಾದುದೂ ಇಷ್ಟನ್ನೇ: ಅನುವಾದಿಸಿದ ಭಾಗವನ್ನು ಅನುವಾದವೆಂದು ಹೇಳಿ, ಮೂಲಲೇಖಕರ ಹೆಸರನ್ನೂ ಪುಟವನ್ನೂ ಕೊಡಬೇಕು, ಅದು ಪ್ರಬಂಧದ ಐದನೆಯ ಒಂದು ಭಾಗವನ್ನು ಮೀರಬಾರದು.

ಹೇಳದೆ ಸೇರಿಸಿದ ಅನುವಾದವನ್ನು ಅನುಭವಿಗಳಾದ ಅಧ್ಯಾಪಕರು ಭಾಷೆಯ ಜಾಡಿನಿಂದ ಊಹಿಸುತ್ತಾರೆ. ತೆಲುಗಿನಲ್ಲಿ 'ಅವಸರ'ವೆಂದರೆ ಅಗತ್ಯ, ಕನ್ನಡದಲ್ಲಿ ಆತುರ. 'ಈ ಶಾಸನದ ಅಧ್ಯಯನವು ಅವಸರವಾಗಿದೆ' ಎಂಬ ವಾಕ್ಯ ಬಂದಾಗ ಸಂಶಯ ಮೂಡುವುದು ಸಹಜ. ಆದರೆ ಇಲ್ಲಿಯೇ ಎಚ್ಚರ ಅಗತ್ಯ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಮಾರುಕಟ್ಟೆಯಲ್ಲಿ ದಖನಿಯನ್ನು ಆಡುತ್ತ ಬೆಳೆದ ವಿದ್ಯಾರ್ಥಿಯು ಸ್ವಂತವಾಗಿ ಬರೆದರೂ ಅದೇ ಪದವನ್ನು ಅದೇ ಅರ್ಥದಲ್ಲಿ ಬಳಸಿಯಾನು. ಭಾಷೆಯ ಜಾಡು ಸಂಶಯಕ್ಕೆ ಕಾರಣವಾಗಬಹುದೇ ಹೊರತು ತೀರ್ಪಿಗೆ ಆಧಾರವಾಗಲಾರದು. ಆದುದರಿಂದ ಓದುವಾಗ ಮಾಡಿಕೊಂಡ ಟಿಪ್ಪಣಿಗಳನ್ನೂ ಮೊದಲ ಕರಡನ್ನೂ ಪ್ರಬಂಧದೊಡನೆ ಒಪ್ಪಿಸಬೇಕೆಂದೂ, ಸಂಶಯ ಬಂದರೆ ಹತ್ತು ನಿಮಿಷಗಳ ಮೌಖಿಕ ಚರ್ಚೆ ನಡೆಯುವುದೆಂದೂ ಮೊದಲೇ ತಿಳಿಸಿರಬೇಕು. ಶಾಸನದ ಒಂದು ಪದ್ಯವನ್ನು ಮುಂದಿಟ್ಟು ಅರ್ಥ ಕೇಳಿದರೆ, ಅದರೊಡನೆ ಹೆಣಗಿದವನಾರು, ಹೆಣಗದವನಾರು ಎಂಬುದು ಬಹುಮಟ್ಟಿಗೆ ತಿಳಿದುಬರುತ್ತದೆ.

ಆಕರಗಳ ಪಟ್ಟಿಯೂ ಪರಿಸ್ಥಿತಿಗೆ ತಕ್ಕಂತಿರಬೇಕು. ಕನ್ನಡನಾಡಿನ ಗ್ರಂಥಾಲಯಗಳಿಂದ ದೂರವಿರುವ ವಿದ್ಯಾರ್ಥಿಗೆ ಹತ್ತು ಗ್ರಂಥಗಳನ್ನು ವಿಧಿಸಿದರೆ ಅವನು ಕಾಣದ ಪುಸ್ತಕಗಳ ಹೆಸರನ್ನು ಬೇರೆಯವರ ಅಡಿಟಿಪ್ಪಣಿಯಿಂದ ಎತ್ತಿಕೊಳ್ಳುತ್ತಾನೆ. ಅಚ್ಚಾದ ಶಾಸನಪಾಠ, ಒಂದು ನಿಘಂಟು, ವಿಭಾಗದಲ್ಲಿಯೇ ದೊರೆಯುವ ಎರಡು ಲೇಖನಗಳು ಸಾಕು. ತೆಲುಗು, ಇಂಗ್ಲಿಷ್ ಬರಹಗಳಿಗೂ ಅವಕಾಶವಿರಲಿ. ಪರೀಕ್ಷಾ ಮಾರ್ಗದರ್ಶಿಗಳಿಗೆ ಬೇಡ. ತಾನು ನೋಡದ ಗ್ರಂಥವನ್ನು ಹೆಸರಿಸುವಾಗ ಯಾರ ಬರಹದ ಮೂಲಕ ತಿಳಿದುದೆಂಬುದನ್ನೂ ಹೇಳಬೇಕು.

ಒಪ್ಪಿಸುವ ಸ್ವರೂಪವು ಅಂದಕ್ಕಾಗಿ ಮಾಡಿದ ನಿಯಮವೆಂಬ ಭಾವನೆಯಿದೆ. ವಾಸ್ತವವಾಗಿ ಅದು ಸ್ವಂತಿಕೆಯ ಪರಿಶೀಲನೆಗೆ ಸಂಬಂಧಿಸಿದುದು. ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕಡತವು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ರೋಮನ್ ಸಂಕೇತಗಳಾಗಿಯೇ ಉಳಿದಿರುತ್ತದೆ. ಅದನ್ನು ಯೂನಿಕೋಡ್ ಕನ್ನಡದೊಡನೆ ಹೋಲಿಸಿದರೆ ನಕಲು ಮಾಡಿದ ಪುಟವೂ ಸ್ವಂತವೆಂದೇ ತೋರುತ್ತದೆ. ಆದ್ದರಿಂದ ಬೆರಳಚ್ಚಾದರೆ ಯೂನಿಕೋಡಿನಲ್ಲಿಯೇ ಇರಬೇಕು. ಕೈಬರಹವನ್ನೂ ಸಮಾನವಾಗಿ ಸ್ವೀಕರಿಸಬೇಕು. ಪುಟಸಂಖ್ಯೆ, ಟಿಪ್ಪಣಿಗಳಿಗೆ ಅಂಚು, ಕೊನೆಯಲ್ಲಿ ಆಕರಗಳ ಪಟ್ಟಿ, ಯಾರಿಂದ ಯಾವ ನೆರವು ದೊರೆಯಿತೆಂಬ ಒಂದು ಸಾಲು ಇರಲಿ.

ಮೊದಲ ಸಲದ ಲೋಪಕ್ಕೆ ಸೊನ್ನೆ ಕೊಡುವುದಕ್ಕಿಂತ, ಆಧಾರವಿಲ್ಲದ ವಾಕ್ಯಗಳನ್ನು ಗುರುತಿಸಿ, ಒಂದು ವಾರದೊಳಗೆ ತಿದ್ದಿ ತರಲು ಹಿಂದಿರುಗಿಸುವುದು ಒಳಿತು. ಆ ಮಾತೂ ಸೂಚನಾಪತ್ರದಲ್ಲಿಯೇ ಇರಬೇಕು.